ತಾಯಿ ಮೇಕೆಗೆ ಹಾಲು ಕಮ್ಮಿ ಇದ್ರೆ ಮರಿಗೆ ಬಾಟಲ್ ಹಾಲು ಕುಡಿಸೋದು ಹೇಗೆ?

ಮೇಕೆ ಮೂರು ಮರಿ ಹಾಕಿದಾಗ ಖುಷಿ ಆಗುತ್ತೆ, ಆದ್ರೆ ಕೆಚ್ಚಲಲ್ಲಿ ಇರೋದು ಎರಡೇ ಮೊಲೆ ಅನ್ನೋದು ಎರಡನೇ ದಿನಕ್ಕೆ ನೆನಪಾಗುತ್ತೆ. ದಪ್ಪ ಇರೋ ಎರಡು ಮರಿಗಳು ನುಗ್ಗಿ ಕುಡೀತವೆ, ಸಣ್ಣದು ಹಿಂದೆ ನಿಂತು ಕೂಗ್ತಾ ಇರುತ್ತೆ. ಬೆನ್ನು ಗೂನು ಮಾಡ್ಕೊಂಡು ನಿಂತಿರೋದು, ಪಕ್ಕೆ ಒಳಗೆ ಹೋಗಿರೋದು, ಬಾಯೊಳಗೆ ಬೆರಳು ಇಟ್ರೆ ತಣ್ಣಗಿರೋದು, ಇಷ್ಟು ಕಂಡ್ರೆ ಆ ಮರಿಗೆ ಹಾಲು ಸಾಲ್ತಿಲ್ಲ ಅಂತಲೇ ಅರ್ಥ.

ಇಲ್ಲಿ ಹೇಳ್ತಿರೋದು ತಾಯಿಗೆ ಹಾಲು ಪೂರ್ತಿ ಇಲ್ಲದ ಕೇಸ್ ಅಲ್ಲ, ಇದೆ ಆದ್ರೆ ಸಾಲ್ತಿಲ್ಲ ಅನ್ನೋ ಕೇಸ್. ಇದರಲ್ಲೇ ಜಾಸ್ತಿ ಜನ ಎಡವೋದು, ಯಾಕಂದ್ರೆ ಮರಿ ತಾಯಿ ಹತ್ರ ಎಷ್ಟು ಕುಡೀತು ಅನ್ನೋದು ಕಣ್ಣಿಗೆ ಕಾಣಲ್ಲ, ಅಂದಾಜಲ್ಲಿ ಬಾಟಲ್ ತುಂಬಿಸಿ ಕೊಟ್ಟು ಭೇದಿ ಹಿಡಿಸ್ತಾರೆ.

ಬಾಟಲ್‌ಗೆ ಮುಂಚೆ ಎರಡು ವಿಷಯ ನೋಡಿ. ಒಂದು, ಹುಟ್ಟಿದ ಒಂದೆರಡು ಗಂಟೆ ಒಳಗೆ ಮರಿ ಹೊಟ್ಟೆಗೆ ಗಿಣ್ಣು ಹಾಲು ಹೋಗಿರ್ಬೇಕು. ರೋಗ ತಡೆಯೋ ಶಕ್ತಿ ಮರಿಗೆ ಬರೋದು ಅದರಿಂದಲೇ, ಗಂಟೆ ಕಳೆದಂಗೆ ಅದನ್ನ ಹೀರಿಕೊಳ್ಳೋ ತಾಕತ್ತು ಕರುಳಿಗೆ ಕಮ್ಮಿ ಆಗ್ತಾ ಒಂದು ದಿನಕ್ಕೆ ಹೆಚ್ಚುಕಮ್ಮಿ ನಿಂತೇ ಹೋಗುತ್ತೆ. ಎರಡು, ತಾಯಿ ಕೆಚ್ಚಲು ಮುಟ್ಟಿ ನೋಡಿ. ಗಟ್ಟಿಯಾಗಿ ಬಿಸಿ ಇದ್ರೆ, ಹಾಲಲ್ಲಿ ಗೆಡ್ಡೆ ಅಥವಾ ರಕ್ತ ಬಂದ್ರೆ ಅದು ಕೆಚ್ಚಲು ಬಾವು, ಆ ಹಾಲು ಮರಿಗೆ ಬೇಡ, ಡಾಕ್ಟರ್ ಕರೆಸಿ.

ಈಗ ಲೆಕ್ಕ. ಮರಿಗೆ ದಿನಕ್ಕೆ ಅದರ ತೂಕದ ಸುಮಾರು 15 ಪರ್ಸೆಂಟ್ ಹಾಲು ಬೇಕು ಅಂತ ಇಟ್ಕೊಂಡು ಶುರು ಮಾಡಿ. ನಮ್ಮ ಸಣ್ಣ ಮರಿ ಮೂರನೇ ದಿನ 1.8 ಕೆಜಿ ತೂಗ್ತು, ಅಂದ್ರೆ ದಿನಕ್ಕೆ 270 ಎಂಎಲ್. ಇದರಲ್ಲಿ ತಾಯಿ ಎಷ್ಟು ಕೊಡ್ತಿದ್ದಾಳೆ ಅಂತ ತಿಳ್ಕೊಳ್ಳೋಕೆ ಒಂದು ದಿನ ಮರಿಗಳನ್ನ ತಾಯಿಗೆ ಕಾಣೋ ಹಾಗೆ ಪಕ್ಕದಲ್ಲೇ ಬೇರೆ ಕಟ್ಟಿ, ಬೆಳಗ್ಗೆಯಿಂದ ರಾತ್ರಿವರೆಗೆ ಐದು ಸಲ ಬಿಟ್ವಿ. ಪ್ರತಿ ಸಲ ಬಿಡೋಕೆ ಮುಂಚೆ ಸಣ್ಣ ಮರಿನ ಬಕೆಟಲ್ಲಿ ಕೂರಿಸಿ ಅಡುಗೆಮನೆ ಡಿಜಿಟಲ್ ತಕ್ಕಡಿ ಮೇಲೆ ತೂಕ, ಕುಡಿದು ಮುಗಿಸಿದ ತಕ್ಷಣ ಮತ್ತೆ ತೂಕ. ಒಂದು ಸಲಕ್ಕೆ 25 ಗ್ರಾಂ ಜಾಸ್ತಿ ಬಂತು, ಇನ್ನೊಂದು ಸಲ 30, ಒಂದು ಸಲ ಬರೀ 15. ಒಟ್ಟು 120 ಗ್ರಾಂ, ಹಾಲಿಗೆ ಹೆಚ್ಚುಕಮ್ಮಿ 120 ಎಂಎಲ್ ಅನ್ಕೊಳ್ಳಿ. ಎರಡು ತೂಕದ ಮಧ್ಯೆ ಮರಿ ಉಚ್ಚೆ ಹೊಯ್ದ್ರೆ ಆ ಲೆಕ್ಕ ಕೆಡುತ್ತೆ, ಅದನ್ನ ಬಿಟ್ಟುಬಿಡಿ.

ಬೇಕಾಗಿರೋದು 270, ತಾಯಿದು 120, ಕಮ್ಮಿ ಬಿದ್ದಿದ್ದು 150. ಅದನ್ನ ಐದು ಸಲಕ್ಕೆ ಹಂಚಿದ್ರೆ ಒಂದ್ಸಲಕ್ಕೆ 30 ಎಂಎಲ್. ನೋಡೋಕೆ ಇಷ್ಟೇನಾ ಅನ್ಸುತ್ತೆ, ಆದ್ರೆ ಆ ಮರಿಗೆ ಬೇಕಾಗಿದ್ದು ಅಷ್ಟೇ! ಲೆಕ್ಕ ಹಾಕದೇ ಪ್ರತಿ ಸಲ 100 ಎಂಎಲ್ ಕೊಟ್ಟಿದ್ರೆ ಹೊಟ್ಟೆ ಕೆಟ್ಟಿರೋದು. ಮರಿ ಕೂಗುತ್ತೆ ಅಂತ ಮಾತ್ರ ಪ್ರಮಾಣ ಏರಿಸ್ಬೇಡಿ, ಹೊಟ್ಟೆ ತುಂಬಿದ್ರೂ ಚೀಪೋ ಆಸೆಗೆ ಕೂಗುತ್ತೆ. ಕುಡಿದಾದ ಮೇಲೆ ಮೇಲಿಂದ ನೋಡಿದಾಗ ಪಕ್ಕೆಯಿಂದ ಸೊಂಟದವರೆಗೆ ನೇರವಾಗಿ ಇರ್ಬೇಕು, ಹೊರಗೆ ಉಬ್ಬಿದ್ರೆ ಜಾಸ್ತಿ ಆಯ್ತು, ಗುಳಿ ಇದ್ರೆ ಸಾಲ್ತಿಲ್ಲ. ಯಾವಾಗ್ಲೂ ಮೊದಲು ತಾಯಿ, ಆಮೇಲೆ ಬಾಟಲ್. ಉಲ್ಟಾ ಮಾಡಿದ್ರೆ ಮರಿ ಕೆಚ್ಚಲು ಚೀಪಲ್ಲ, ಚೀಪದಿದ್ರೆ ತಾಯಿಗೆ ಇರೋ ಹಾಲೂ ಇಳಿದುಹೋಗುತ್ತೆ.

ಯಾವ ಹಾಲು ಅಂದ್ರೆ, ಬೇರೆ ಮೇಕೆದು ಸಿಕ್ಕಿದ್ರೆ ಅದೇ ಬೆಸ್ಟ್, ಇಲ್ಲಾಂದ್ರೆ ಕೆನೆ ತೆಗೆಯದ ಹಸುವಿನ ಹಾಲು ಕಾಯಿಸಿ ಆರಿಸಿ ಕೊಡಬಹುದು. ನೀರು ಬೆರೆಸ್ಬೇಡಿ. ನೀರು ಬೆರೆಸಿದ್ರೆ ಹೊಟ್ಟೆ ತುಂಬುತ್ತೆ, ಮೈ ತುಂಬಲ್ಲ. ಸಕ್ಕರೆನೂ ಬೇಡ. ಇವತ್ತೊಂದು ಹಾಲು ನಾಳೆ ಇನ್ನೊಂದು ಹಾಲು ಅಂತ ಬದಲಾಯಿಸೋದೂ ಬೇಡ.

ಬಿಸಿ ಎಷ್ಟಿರ್ಬೇಕು? ಮರಿ ಬಾಯಿಗೆ ಹೋಗುವಾಗ 38ರಿಂದ 40 ಡಿಗ್ರಿ ಸೆಲ್ಸಿಯಸ್, ಅಂದ್ರೆ ತಾಯಿ ಮೈಬಿಸಿಯಷ್ಟೇ. ಥರ್ಮಾಮೀಟರ್ ಇದ್ರೆ ಒಳ್ಳೇದು, ಇಲ್ಲದಿದ್ರೆ ಮಣಿಕಟ್ಟಿನ ಒಳಬದಿಗೆ ಎರಡು ಹನಿ ಬಿಡಿ, ಹಿತವಾದ ಬೆಚ್ಚಗೆ ಅನ್ನಿಸ್ಬೇಕು, ಸುಡಬಾರದು. 30 ಎಂಎಲ್ ಹಾಲು ಬಹಳ ಬೇಗ ಆರಿಹೋಗುತ್ತೆ, ಚಳಿಯಲ್ಲಂತೂ ಕೊಟ್ಟಿಗೆಗೆ ನಡೆದುಕೊಂಡು ಹೋಗೋಷ್ಟರಲ್ಲೇ ತಣ್ಣಗಾಗಿರುತ್ತೆ, ಅದಕ್ಕೆ ಬಾಟಲನ್ನ ಬಿಸಿನೀರಿನ ಚೊಂಬಲ್ಲಿ ನಿಲ್ಲಿಸ್ಕೊಂಡು ಹೋಗಿ. ಗಿಣ್ಣು ಹಾಲನ್ನ ಮಾತ್ರ ಒಲೆ ಮೇಲೆ ನೇರವಾಗಿ ಕಾಯಿಸ್ಬೇಡಿ, ಒಡೆಯುತ್ತೆ, ಅದರ ಗುಣಾನೂ ಹೋಗುತ್ತೆ, ಬೆಚ್ಚನೆ ನೀರಲ್ಲಿ ಇಟ್ಟು ಬಿಸಿ ಮಾಡಿ.

ಮರಿ ಮೈನೇ ತಣ್ಣಗಿದ್ರೆ ಹಾಲು ಕೊಡೋದನ್ನ ನಿಲ್ಲಿಸಿ. ಮೈಬಿಸಿ 37 ಡಿಗ್ರಿಗಿಂತ ಕೆಳಗೆ ಇಳಿದಿರೋ ಮರಿಗೆ ಸರಿಯಾಗಿ ನುಂಗೋಕೂ ಆಗಲ್ಲ, ಹಾಲು ಅರಗೋದೂ ಇಲ್ಲ. ಒಣಬಟ್ಟೆಯಲ್ಲಿ ಸುತ್ತಿ, ಬಿಸಿನೀರಿನ ಬಾಟಲ್‌ಗೆ ಬಟ್ಟೆ ಸುತ್ತಿ ಪಕ್ಕದಲ್ಲಿಟ್ಟು, ಬಾಯಿ ಬೆಚ್ಚಗಾಗಿ ಬೆರಳು ಚೀಪೋಕೆ ಶುರು ಮಾಡಿದ ಮೇಲೆ ಕೊಡಿ. ತಲೆ ಎತ್ತೋಕೂ ಆಗದ ಮರಿ ಆದ್ರೆ ಕಾಯೋ ಟೈಮ್ ಇಲ್ಲ, ಡಾಕ್ಟರ್ ಬೇಕು.

ಕುಡಿಸೋ ರೀತಿ ಮುಖ್ಯ. ಮಗು ಥರ ಮಡಿಲಲ್ಲಿ ಅಂಗಾತ ಮಲಗಿಸ್ಕೋಬೇಡಿ, ಹಾಲು ಶ್ವಾಸಕೋಶಕ್ಕೆ ಇಳಿದ್ರೆ ನ್ಯುಮೋನಿಯಾ ಆಗುತ್ತೆ. ಮರಿ ನಾಲ್ಕು ಕಾಲ ಮೇಲೆ ನಿಂತಿರ್ಬೇಕು, ಕತ್ತು ಮುಂದೆ ಚಾಚಿ ಮುಖ ಸ್ವಲ್ಪ ಮೇಲೆ, ತಾಯಿ ಕೆಳಗೆ ನಿಲ್ಲೋ ಹಾಗೆ. ಹಂಗೆ ನಿಂತು ಚೀಪಿದಾಗಲೇ ಹೊಟ್ಟೆಯೊಳಗಿನ ಒಂದು ಮಡಿಕೆ ಕೊಳವೆ ಥರ ಮುಚ್ಚಿಕೊಂಡು ಹಾಲನ್ನ ಸೀದಾ ನಾಲ್ಕನೇ ಹೊಟ್ಟೆಗೆ ಕಳಿಸುತ್ತೆ. ಸುರಿದು ನುಂಗಿಸಿದ್ರೆ ಮೊದಲನೇ ಹೊಟ್ಟೆಗೆ ಬಿದ್ದು ಅಲ್ಲೇ ಹುಳಿಯುತ್ತೆ, ಹೊಟ್ಟೆ ಉಬ್ಬರ ಬರುತ್ತೆ. ಬಾಟಲ್ ತಲೆಕೆಳಗೆ ಮಾಡಿದಾಗ ನಿಪ್ಪಲ್‌ನಿಂದ ಹನಿ ಹನಿ ಬೀಳ್ಬೇಕು, ಧಾರೆ ಬಂದ್ರೆ ತೂತು ದೊಡ್ಡದಾಗಿದೆ, ನಿಪ್ಪಲ್ ಬದಲಾಯಿಸಿ. ಕೆಮ್ಮು ಬಂದ್ರೆ, ಮೂಗಲ್ಲಿ ಹಾಲು ಬಂದ್ರೆ ತಕ್ಷಣ ನಿಲ್ಲಿಸಿ ತಲೆ ತಗ್ಗಿಸಿ.

ಕ್ಲೀನಿಂಗ್ ವಿಷಯಕ್ಕೆ ಬಂದ್ರೆ, ಬಿಸಿನೀರು ಮೊದಲೇ ಹಾಕ್ಬೇಡಿ, ಹಾಲಿನ ಪ್ರೋಟೀನ್ ಗಟ್ಟಿಯಾಗಿ ಬಾಟಲ್‌ಗೆ ಅಂಟುತ್ತೆ. ಕುಡಿಸಿದ ತಕ್ಷಣ ಉಗುರುಬೆಚ್ಚಗಿನ ನೀರಲ್ಲಿ ಕುಲುಕಿ ಚೆಲ್ಲಿ, ಆಮೇಲೆ ಬಿಸಿನೀರು, ಸೋಪು, ಬ್ರಷ್. ನಿಪ್ಪಲ್‌ನ ಒಳಗಿಂದ ಹೊರಗೆ ಮಗುಚಿ ಉಜ್ಜಿ. ಅಂಚಿನ ಕೆಳಗೆ ಬೆರಳು ಆಡಿಸಿದಾಗ ಲೋಳೆ ಸಿಕ್ಕಿದ್ರೆ ಇನ್ನೂ ಕ್ಲೀನ್ ಆಗಿಲ್ಲ. ತೊಳೆದು ಬೋರಲು ಹಾಕಿ ಪೂರ್ತಿ ಒಣಗೋಕೆ ಬಿಡಿ. ಮರಿ ಕುಡಿದು ಉಳಿಸಿದ ಹಾಲನ್ನ ಮುಂದಿನ ಸಲಕ್ಕೆ ಇಡ್ಬೇಡಿ.

ಹಿಕ್ಕೆ ದಿನಾ ನೋಡಿ. ಮೊದಲು ಕಪ್ಪು ಅಂಟು, ಆಮೇಲೆ ಹಳದಿ ಮೆತ್ತಗೆ, ಇದೆಲ್ಲ ನಾರ್ಮಲ್. ನೀರಾಗಿ ಬಾಲಕ್ಕೆಲ್ಲ ಮೆತ್ತಿಕೊಂಡ್ರೆ ಒಂದ್ಸಲದ ಹಾಲು ಕಮ್ಮಿ ಮಾಡಿ, ಎರಡು ಹಾಲಿನ ಮಧ್ಯೆ ಬೆಚ್ಚಗಿನ ಓಆರ್‌ಎಸ್ ಕೊಡಿ, ಆದ್ರೆ ಹಾಲು ಪೂರ್ತಿ ನಿಲ್ಲಿಸ್ಬೇಡಿ. ಮಂಕಾಗಿ ಚೀಪದೇ ಇದ್ರೆ ಡಾಕ್ಟರ್ ಹತ್ರ ಹೋಗಿ.

ಬೆಳಗ್ಗೆ ಒಂದೇ ಟೈಮಲ್ಲಿ, ಹಾಲಿಗೆ ಮುಂಚೆ, ದಿನಾ ತೂಕ ಬರೆದಿಡಿ. ಎರಡು ದಿನ ಏರದಿದ್ರೆ ಹಾಲು ಸಾಲ್ತಿಲ್ಲ. ಏರ್ತಿದ್ರೆ ಮೂರು ದಿನಕ್ಕೊಮ್ಮೆ 15 ಪರ್ಸೆಂಟ್ ಲೆಕ್ಕ ಹೊಸದಾಗಿ ಹಾಕಿ, ತಾಯಿದೂ ಮತ್ತೆ ಅಳೀರಿ. ನಮ್ಮ ಮರಿ 2.4 ಕೆಜಿ ಆದಾಗ ಬೇಕಾಗಿದ್ದು 360 ಎಂಎಲ್, ಅಷ್ಟೊತ್ತಿಗೆ ಅದಕ್ಕೂ ನುಗ್ಗೋ ಶಕ್ತಿ ಬಂದು ತಾಯಿ ಹತ್ರ 200 ಕುಡೀತಿತ್ತು, ಬಾಟಲ್‌ದು 160, ಅದನ್ನ ನಾಲ್ಕೇ ಸಲಕ್ಕೆ 40ರಂತೆ ಕೊಟ್ವಿ. ರಾತ್ರಿ ಕೊನೇ ಬಾಟಲ್ ಆವಾಗಿಂದ ನಿಂತುಹೋಯ್ತು.