ಮಂಜಿನ ಫೋಟೊದಲ್ಲಿ ಲೋಗೊ ಗೋಡೆಗೇ ಬರೆದಂತೆ ಕಾಣಬೇಕಾದರೆ

ಸಕಲೇಶಪುರದ ಕಡೆಯ ಹೋಂಸ್ಟೇಯೊಂದರ ಫೋಟೊ. ಬೆಳಗಿನ ತೆಳು ಮಂಜು, ಎದುರಿಗೆ ಕಾಫಿ ಗಿಡಗಳು, ಅವುಗಳಾಚೆ ದೂರದಲ್ಲಿ ಬಿಳಿ ಗೋಡೆ. ಆ ಗೋಡೆಯ ಮೇಲೆ ಕೆಂಪು, ಕಪ್ಪು, ಬಿಳಿ ಬಣ್ಣದ ಲೋಗೊ ಕೂರಬೇಕಿತ್ತು. ನನಗಿಂತ ಮೊದಲು ಇದನ್ನು ಮಾಡಿದವರು ಲೋಗೊವನ್ನು ಹಾಗೇ ಅಂಟಿಸಿ, Drop Shadow ಕೊಟ್ಟು, ಇಡೀ ಚಿತ್ರಕ್ಕೆ ಬೆಚ್ಚನೆಯ ಫಿಲ್ಟರ್ ಹಾಕಿ ಮುಗಿಸಿದ್ದರು. ಫ್ಲೆಕ್ಸ್ ಅಚ್ಚಾಗಿ ಬಂದಾಗ ಲೋಗೊ ಗಾಜಿನ ಮೇಲಿನ ಸ್ಟಿಕ್ಕರಿನಂತೆ ಕಾಣುತ್ತಿತ್ತು. ಇದೇ ತಪ್ಪನ್ನು ಬಹಳ ಕಡೆ ನೋಡಿದ್ದೇನೆ. ಹಾಗಾಗಿ ಫೋಟೊಶಾಪಿನಲ್ಲಿ ನಾನು ಮಾಡುವ ಕ್ರಮ ಇಲ್ಲಿದೆ.

ಮೊದಲ ಹೆಜ್ಜೆ ಸುಲಭ. ಹಿನ್ನೆಲೆಯಿಲ್ಲದ PNG ಅಥವಾ SVG ಲೋಗೊ ತರಿಸಿಕೊಳ್ಳಿ, ಗೋಡೆಯ ಓರೆಗೆ ಸರಿಯಾಗಿ ಕೂರಿಸಿ. ವಾಟ್ಸ್ಆ್ಯಪಿನಲ್ಲಿ ಬಂದ ಬಿಳಿ ಚೌಕದ JPG ಕತ್ತರಿಸುತ್ತಾ ಕೂರಬೇಡಿ, ಅಂಚಿನ ಕೊಳೆ ಕೊನೆಯವರೆಗೂ ಹೋಗುವುದಿಲ್ಲ.

ಎರಡನೆಯದು ಅಳತೆ. ಕೆಲಸ ಕೆಡುವುದು ಇಲ್ಲೇ. ಐಡ್ರಾಪರ್ ತೆಗೆದುಕೊಂಡು Sample Size ಅನ್ನು 5 by 5 Average ಮಾಡಿ, ಬೆಳಕು ಬಿದ್ದ ಗೋಡೆಯ ಬಿಳಿಯನ್ನು ಅಳೆಯಿರಿ. ನನ್ನ ಫೋಟೊದಲ್ಲಿ ಅದು ಕೆಂಪು 196, ಹಸಿರು 203, ನೀಲಿ 212 ಇತ್ತು. ಕಣ್ಣಿಗೆ ಬಿಳಿ, ಅಂಕಿಯಲ್ಲಿ ನೀಲಿ ಬೆರೆತ ಬೂದು. ಲೋಗೊದ ಬಿಳಿ ಮಾತ್ರ ಮೂರರಲ್ಲೂ 255.

ಆಮೇಲೆ ಕಪ್ಪು. ಹೆಚ್ಚಿನವರು ಚಿತ್ರದಲ್ಲೇ ಅತಿ ಕಪ್ಪಾದ ಜಾಗ ಹುಡುಕಿ ಎದುರಿನ ಕಾಫಿ ಗಿಡದ ಬುಡವನ್ನು ಅಳೆಯುತ್ತಾರೆ. ಅಲ್ಲಿ ಸಿಗುವುದು 25ರ ಆಸುಪಾಸು. ಆದರೆ ಗಿಡಕ್ಕೂ ಕ್ಯಾಮೆರಾಕ್ಕೂ ನಡುವೆ ಮಂಜೇ ಇಲ್ಲ. ಗೋಡೆಗೂ ಕ್ಯಾಮೆರಾಕ್ಕೂ ನಡುವೆ ಇರುವ ಮಂಜು ತನ್ನ ಬೆಳಕನ್ನು ಕಪ್ಪಿನ ಮೇಲೂ ಸುರಿಯುತ್ತದೆ. ದೂರ ಹೆಚ್ಚಿದಷ್ಟೂ ಕಪ್ಪು ತಿಳಿಯಾಗುತ್ತಾ ಹೋಗುವುದು ಅದಕ್ಕೇ. ಆದ್ದರಿಂದ ಗೋಡೆಯಷ್ಟೇ ದೂರದಲ್ಲಿರುವ ಕಪ್ಪನ್ನು ಅಳೆಯಬೇಕು. ನನಗೆ ಸಿಕ್ಕಿದ್ದು ತೆರೆದ ಕಿಟಕಿಯ ಒಳಗಿನ ಕತ್ತಲು: 84, 93, 106. ಬಣ್ಣ ಬಳಿದ ಕಪ್ಪು ಕಿಟಕಿಯ ಕತ್ತಲಷ್ಟು ಗಾಢವಾಗಿರುವುದಿಲ್ಲ, ಅದರ ಮೇಲೆ ಬೆಳಕು ಬೀಳುತ್ತದೆ. ಅದಕ್ಕೆ ಪ್ರತಿ ಅಂಕಿಗೂ 6 ಕೂಡಿಸಿ 90, 99, 112 ಮಾಡಿಕೊಂಡೆ.

ಈಗ ಲೋಗೊದ ಮೇಲೆ Levels ಪದರ ಹಾಕಿ, Ctrl+Alt+G ಒತ್ತಿ ಲೋಗೊಗೆ ಮಾತ್ರ ಕಟ್ಟಿಹಾಕಿ. Red ಚಾನೆಲಿನ ಕೆಳಗಿನ Output Levels ಜಾಗದಲ್ಲಿ 90 ಮತ್ತು 196, Green ನಲ್ಲಿ 99 ಮತ್ತು 203, Blue ನಲ್ಲಿ 112 ಮತ್ತು 212 ತುಂಬಿ. ವೈಟ್ ಬ್ಯಾಲೆನ್ಸೂ ಮಂಜೂ ಒಟ್ಟಿಗೇ ಬಂದುಬಿಡುತ್ತವೆ. 200, 30, 35 ಇದ್ದ ಲೋಗೊದ ಕೆಂಪು ಈಗ ಸುಮಾರು 173, 111, 126. ಅದನ್ನು ಬೇರೆಯಾಗಿ ನೋಡಿದರೆ ಮಾಸಿದ ಗುಲಾಬಿ. "ಇದು ನಮ್ಮ ಕೆಂಪಲ್ಲ" ಎಂದು ಮಾಲೀಕರು ಹೇಳಿಯೇ ಹೇಳುತ್ತಾರೆ. ಬದಲಿಸಬೇಡಿ. ಗೋಡೆಯ ಜೊತೆ ಇಟ್ಟು ತೋರಿಸಿ, ಮಂಜಿನಾಚೆಯ ಕೆಂಪಾಗಿಯೇ ಕಾಣುತ್ತದೆ.

Match Color ಬಳಸಿದರೆ ಬೇಗ ಆಗುವುದಿಲ್ಲವೇ ಎಂದು ಕೇಳುತ್ತಾರೆ. ಗೋಡೆಯನ್ನಷ್ಟೇ ಆಯ್ದುಕೊಳ್ಳದಿದ್ದರೆ ಅದು ಇಡೀ ತೋಟದ ಹಸಿರನ್ನೂ ಲೆಕ್ಕಕ್ಕೆ ತೆಗೆದುಕೊಂಡು ಲೋಗೊದ ಬಿಳಿಗೆ ಹಸಿರು ಬಳಿಯುತ್ತದೆ. ಒಂದೇ ಒತ್ತಿಗೆ ಹೊಂದಿಸುತ್ತೇವೆನ್ನುವ ಪ್ರಿಸೆಟ್‌ಗಳಿಗೆ ದುಡ್ಡು ಕೊಡಬೇಡಿ. ನಿಮ್ಮ ಗೋಡೆ ಎಷ್ಟು ದೂರದಲ್ಲಿದೆ ಎಂಬುದು ಅವಕ್ಕೆ ಗೊತ್ತಿರುವುದಿಲ್ಲ.

ಇನ್ನು ನೆರಳು. ಸೂರಿನ ನೆರಳು ಲೋಗೊದ ಮೇಲಿನ ಕಾಲು ಭಾಗಕ್ಕೆ ಬೀಳಬೇಕಿತ್ತು. ಕಪ್ಪು ಬ್ರಷ್ ಆಡಿಸಿದರೆ ಅದು ಮಸಿಯಾಗುತ್ತದೆ, ನೆರಳಾಗುವುದಿಲ್ಲ. ನೆರಳಿಗೆ ಬೆಳಕು ಬರುವುದು ಆಕಾಶದಿಂದ, ಹಾಗಾಗಿ ಅದು ಇನ್ನಷ್ಟು ನೀಲಿ. ನೆರಳಿನ ಗೋಡೆ ಅಳೆದಾಗ 148, 160, 176 ಬಂತು: ಕೆಂಪು 48 ಇಳಿದಿದೆ, ನೀಲಿ 36 ಮಾತ್ರ. ಲೋಗೊ ಮತ್ತು ಅದರ Levels ಎರಡನ್ನೂ ನಕಲು ಮಾಡಿ ಮೇಲಿಟ್ಟು, ಬಿಳಿಯ ತುದಿಗೆ ಈ ಅಂಕಿಗಳನ್ನು ಕೊಟ್ಟೆ. ಕಪ್ಪಿನ ತುದಿಯನ್ನು 86, 95, 108 ಮಾಡಿದೆ. ಅಲ್ಲಿ ಕಾಣುವುದು ಬಹುಪಾಲು ಮಂಜಿನದೇ ಬೆಳಕಾದ್ದರಿಂದ ಹೆಚ್ಚು ಇಳಿಯುವುದಿಲ್ಲ. ನಕಲು ಮಾಡಿದ ಲೋಗೊಗೆ ಕಪ್ಪು ಮಾಸ್ಕ್ ಹಾಕಿ, ಗೋಡೆಯ ಮೇಲೆ ನೆರಳಿನ ಗೆರೆ ಲೋಗೊವನ್ನು ಮುಟ್ಟುವಲ್ಲಿಂದ ಹೊರಬರುವವರೆಗೆ ಅದೇ ಮೃದುತನದ ಬಿಳಿ ಬ್ರಷ್ಷಿನಿಂದ ಎಳೆದು, ಗೆರೆಯ ಮೇಲಿನ ಭಾಗವನ್ನೂ ಬಿಳಿಯಿಂದ ತುಂಬಿ. Drop Shadow ಮಾತ್ರ ಬೇಡ. ಗೋಡೆಗೆ ಬಳಿದ ಬಣ್ಣ ಗೋಡೆಯ ಮೇಲೆ ನೆರಳು ಚೆಲ್ಲುವುದಿಲ್ಲ.

ಕೊನೆಗೆ ಪರೀಕ್ಷೆ. Ctrl+3, Ctrl+4, Ctrl+5 ಒತ್ತಿ ಒಂದೊಂದೇ ಚಾನೆಲನ್ನು ಕಪ್ಪು-ಬಿಳುಪಿನಲ್ಲಿ ನೋಡಿ. ಬಣ್ಣದಲ್ಲಿ ಸರಿ ಕಂಡ ಲೋಗೊ ನೀಲಿ ಚಾನೆಲಿನಲ್ಲಿ ಮಾತ್ರ ಗಾಢವಾಗಿ ಎದ್ದು ನಿಂತರೆ ಮಂಜು ಸಾಲದು ಎಂದರ್ಥ. Blue ನ ಕಪ್ಪಿನ ತುದಿಯನ್ನು ಎರಡೆರಡೇ ಏರಿಸುತ್ತಾ, ಅಕ್ಷರಗಳ ಕಪ್ಪು ಪಕ್ಕದ ಕಿಟಕಿಗಿಂತ ಒಂದು ಎಳೆ ತಿಳಿಯಾದಾಗ ನಿಲ್ಲಿಸಿ.