ರಾತ್ರಿ ಎಬ್ಬಿಸುವ ಝಳ: ಮುಟ್ಟು ನಿಲ್ಲುವ ಕಾಲದಲ್ಲಿ ಒಡೆದ ನಿದ್ದೆಯನ್ನು ಕೂಡಿಸಿಕೊಳ್ಳುವುದು ಹೇಗೆ?

ಮುಟ್ಟು ನಿಲ್ಲುವ ವಯಸ್ಸಿನಲ್ಲಿ ನಿದ್ದೆಗೆಟ್ಟ ಹೆಂಗಸರು ಸಾಮಾನ್ಯವಾಗಿ ಒಂದೇ ತಪ್ಪು ಮಾಡುತ್ತಾರೆ. ಹಿಂದಿನ ರಾತ್ರಿಯ ನಿದ್ದೆ ಹಾಳಾಯಿತೆಂದು ಮರುದಿನ ರಾತ್ರಿ ಊಟವಾದ ಕೂಡಲೇ ಹಾಸಿಗೆ ಸೇರುತ್ತಾರೆ, ಬೆಳಿಗ್ಗೆ ಎಚ್ಚರವಾದರೂ ಕಣ್ಣು ಮುಚ್ಚಿಕೊಂಡೇ ಮಲಗಿರುತ್ತಾರೆ, ಮಧ್ಯಾಹ್ನ ಒಂದು ಗಂಟೆ ಅಡ್ಡಾಗುತ್ತಾರೆ. ಹೀಗೆ ಮಾಡಿದಷ್ಟೂ ನಿದ್ದೆ ತೆಳುವಾಗುತ್ತ ಹೋಗುವುದನ್ನು ನನ್ನ ಮನೆಯಲ್ಲೂ ನೆರೆಹೊರೆಯಲ್ಲೂ ನೋಡಿದ್ದೇನೆ. ನಲವತ್ತೊಂಬತ್ತು ವರ್ಷದ ನನ್ನ ಅಕ್ಕ ಒಂದು ದಿನ, “ಝಳ ಐದು ನಿಮಿಷಕ್ಕೆ ಹೋಗ್ತದೆ ಕಣೇ, ಆಮೇಲೆ ನಿದ್ದೆನೇ ಹತ್ತಲ್ಲ” ಎಂದಳು. ಈ ಮಾತಿನಲ್ಲಿ ಎರಡು ತೊಂದರೆಗಳಿವೆ. ಮೈ ಬಿಸಿಯೇರುವುದು ಒಂದು, ಅದು ಇಳಿದ ಮೇಲೂ ಎಚ್ಚರವಾಗಿಯೇ ಉಳಿಯುವುದು ಇನ್ನೊಂದು. ಮೊದಲನೆಯದಕ್ಕೆ ಎಲ್ಲರೂ ಮದ್ದು ಹುಡುಕುತ್ತಾರೆ. ಎರಡನೆಯದನ್ನು ಮನೆಯಲ್ಲೇ ಸರಿಪಡಿಸಿಕೊಳ್ಳುವ ಖಚಿತವಾದ ಕ್ರಮವಿದೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ.

ಝಳ ಏಕೆ ಬರುತ್ತದೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಮೈಯ ಬಿಸಿಯನ್ನು ಹದದಲ್ಲಿಡುವ ಕೇಂದ್ರ ಮೆದುಳಿನ ತಳಭಾಗದ ಹೈಪೋಥಲಾಮಸ್‌ನಲ್ಲಿದೆ. ಸಾಮಾನ್ಯ ದಿನಗಳಲ್ಲಿ ಮೈಬಿಸಿ ತುಸು ಏರಿಳಿದರೂ ಅದು ಸುಮ್ಮನಿರುತ್ತದೆ. ಮುಟ್ಟು ನಿಲ್ಲುವ ಕಾಲದಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನು ಕಡಿಮೆಯಾದಾಗ ಆ ಸಹನೆಯ ಅಂತರ ಬಹಳ ಕಿರಿದಾಗುತ್ತದೆ. ಆಗ ಒಂದು ದಪ್ಪ ಹೊದಿಕೆಯಿಂದ ಏರಿದ ಅಲ್ಪ ಬಿಸಿಯನ್ನೂ ಅದು ಅತಿಯಾದ ಸೆಕೆಯೆಂದು ಭಾವಿಸಿ, ಚರ್ಮದ ರಕ್ತನಾಳಗಳನ್ನು ತೆರೆಸಿ ಬೆವರಿಳಿಸುತ್ತದೆ. ಎದೆ, ಕತ್ತು, ಮುಖ ಕಾವೇರುತ್ತವೆ, ಎದೆ ಡವಗುಟ್ಟುತ್ತದೆ. ಒಂದರಿಂದ ಐದು ನಿಮಿಷದಲ್ಲಿ ಇದೆಲ್ಲ ಮುಗಿಯುತ್ತದೆ. ಬೆವರಾರಿದಾಗ ಮೈ ಬೇಕಾದುದಕ್ಕಿಂತ ತಣ್ಣಗಾಗಿ ಚಳಿ ಹಿಡಿಯುತ್ತದೆ. ಆಗ ರಗ್ಗು ಎಳೆದುಕೊಂಡರೆ ಮತ್ತೆ ಬಿಸಿಯೇರಿ ಮುಂದಿನ ಝಳಕ್ಕೆ ದಾರಿಯಾಗುತ್ತದೆ.

ಮೊದಲು ಹಾಸಿಗೆ

ಇದು ಒಂದು ದಿನದ ಕೆಲಸ. ದಪ್ಪ ರಗ್ಗಿನ ಬದಲು ತೆಳುವಾದ ಎರಡು ಹತ್ತಿ ಹೊದಿಕೆಗಳನ್ನಿಡಿ. ಝಳ ಬಂದಾಗ ಎರಡನ್ನೂ ಸರಿಸಿ, ಚಳಿಯಾದಾಗ ಒಂದನ್ನು ಮಾತ್ರ ಹೊದ್ದುಕೊಳ್ಳಿ. ನೈಟಿ ಹತ್ತಿಯದೇ ಆಗಿರಲಿ; ಪಾಲಿಯೆಸ್ಟರ್ ಬೆರೆತದ್ದು ಬೆವರನ್ನು ಹೀರದೆ ಮೈಗಂಟಿಸುತ್ತದೆ. ತಲೆದೆಸೆಯಲ್ಲಿ ಒಣ ಟವೆಲನ್ನೂ ಇನ್ನೊಂದು ನೈಟಿಯನ್ನೂ ಇಟ್ಟುಕೊಳ್ಳಿ. ನೀರು ಇಳಿಯಬಾರದೆಂದು ಹಾಸಿಗೆಗೆ ಹಾಕುವ ಪ್ಲಾಸ್ಟಿಕ್ ಒಳಪದರದ ಕವರನ್ನು ದಯವಿಟ್ಟು ತೆಗೆಯಿರಿ, ಬೆನ್ನಡಿಯ ಸೆಕೆಗೆ ಅದೇ ಕಾರಣವಾಗಿರುತ್ತದೆ. ತಂಪು ಜೆಲ್ ತುಂಬಿದ ದುಬಾರಿ ದಿಂಬು ಸ್ವಲ್ಪ ಹೊತ್ತಿನಲ್ಲೇ ತಲೆಯ ಬಿಸಿಗೆ ಬಿಸಿಯಾಗುತ್ತದೆ. ಆ ಹಣವನ್ನು ಒಂದು ಒಳ್ಳೆಯ ಟೇಬಲ್ ಫ್ಯಾನಿಗೆ ಹಾಕುವುದು ಮೇಲು. ಇವೆಲ್ಲ ಝಳದ ಎಣಿಕೆಯನ್ನು ಹೆಚ್ಚೇನೂ ಇಳಿಸುವುದಿಲ್ಲ, ಬಂದಾಗಿನ ಸಂಕಟವನ್ನು ಕಡಿಮೆ ಮಾಡುತ್ತವೆ. ಕಾಫಿಯನ್ನು ಮಧ್ಯಾಹ್ನದ ಊಟದೊಂದಿಗೆ ನಿಲ್ಲಿಸಿ. ಸಂಜೆ ಐದರ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧದಷ್ಟು ರಾತ್ರಿ ಹತ್ತಕ್ಕೂ ಮೈಯಲ್ಲಿರುತ್ತದೆ.

ಆಮೇಲೆ ಎರಡು ವಾರದ ಲೆಕ್ಕ

ಒಂದು ನೋಟ್‌ಬುಕ್ಕಿನಲ್ಲಿ ಪ್ರತಿದಿನ ಬೆಳಿಗ್ಗೆ ಐದು ಸಂಗತಿಗಳನ್ನು ಬರೆಯಿರಿ: ಹಾಸಿಗೆಗೆ ಹೋದ ಹೊತ್ತು, ನಿದ್ದೆ ಬರಲು ಹಿಡಿದ ಸಮಯ, ಝಳ ಎಷ್ಟು ಬಾರಿ ಬಂತು, ನಡುವೆ ಎಚ್ಚರವಿದ್ದ ಒಟ್ಟು ಸಮಯ, ಹಾಸಿಗೆ ಬಿಟ್ಟ ಹೊತ್ತು. ಎಲ್ಲವೂ ಬೆಳಗಿನ ಅಂದಾಜಾಗಿದ್ದರೆ ಸಾಕು. ನಿಖರವಾಗಿ ಬರೆಯಬೇಕೆಂದು ರಾತ್ರಿ ಗಡಿಯಾರ ನೋಡುವುದೇ ಇಲ್ಲಿ ಆಗುವ ಮೊದಲ ಎಡವಟ್ಟು. “ಎರಡೂವರೆ ಆಯಿತು, ಏಳಲು ಇನ್ನು ಮೂರೇ ಗಂಟೆ” ಎಂಬ ಲೆಕ್ಕ ತಲೆಯಲ್ಲಿ ಶುರುವಾದರೆ ನಿದ್ದೆ ದೂರವಾಗುತ್ತದೆ. ಗಡಿಯಾರವನ್ನು ಗೋಡೆಗೆ ತಿರುಗಿಸಿ, ಫೋನನ್ನು ಬೇರೆ ಕೋಣೆಯಲ್ಲಿಡಿ.

ಅಕ್ಕನ ಒಂದು ರಾತ್ರಿ ಹೀಗಿತ್ತು. ರಾತ್ರಿ 9:30ಕ್ಕೆ ಮಲಗಿ ಬೆಳಿಗ್ಗೆ 6:30ಕ್ಕೆ ಎದ್ದಿದ್ದಳು, ಅಂದರೆ ಹಾಸಿಗೆಯಲ್ಲಿ 9 ಗಂಟೆ. ನಿದ್ದೆ ಹತ್ತಲು 45 ನಿಮಿಷ, ಮೊದಲ ಝಳದ ಬಳಿಕ ಎಚ್ಚರವಿದ್ದದ್ದು 75 ನಿಮಿಷ, ಎರಡನೆಯದರ ಬಳಿಕ 60, ಬೆಳಿಗ್ಗೆ ಸುಮ್ಮನೆ ಹೊರಳಾಡಿದ್ದು 15. ಒಟ್ಟು ಮೂರೂಕಾಲು ಗಂಟೆ ಎಚ್ಚರ, ಐದೂಮುಕ್ಕಾಲು ಗಂಟೆ ನಿದ್ದೆ. ಹಾಸಿಗೆಯಲ್ಲಿ ಕಳೆದ ಸಮಯದ ಶೇ 64ರಷ್ಟು ಮಾತ್ರ ನಿದ್ದೆಯಾಗಿತ್ತು. ಎರಡು ವಾರದ ಸರಾಸರಿಯೂ ಹೆಚ್ಚು ಕಡಿಮೆ ಇಷ್ಟೇ ಬಂತು.

ಎಲ್ಲರೂ ಎಡವುವ ಹಂತ

ಈಗ ಮಾಡಬೇಕಾದುದು ಮೇಲುನೋಟಕ್ಕೆ ಅಸಂಬದ್ಧವೆನಿಸುತ್ತದೆ: ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನು ನಿಜವಾಗಿ ಬರುತ್ತಿರುವ ನಿದ್ದೆಯಷ್ಟಕ್ಕೇ ಇಳಿಸಬೇಕು. ನಿದ್ರಾಹೀನತೆಗೆ ಮಾತ್ರೆಯಿಲ್ಲದೆ ಕೊಡುವ ಅರಿವು-ವರ್ತನೆ ಚಿಕಿತ್ಸೆಯ ಮುಖ್ಯ ಭಾಗ ಇದು. ಮುಟ್ಟು ನಿಲ್ಲುವ ಕಾಲದ ಹೆಂಗಸರಲ್ಲೂ ಇದನ್ನು ಪರೀಕ್ಷಿಸಿ ಫಲ ಕಂಡಿದ್ದಾರೆ. ಒಂಬತ್ತು ಗಂಟೆಯ ಹಾಸಿಗೆಯಲ್ಲಿ ಆರು ಗಂಟೆಯ ನಿದ್ದೆ ಚೂರುಚೂರಾಗಿ ಹರಡಿಕೊಳ್ಳುತ್ತದೆ. ಹಾಸಿಗೆಯ ಹೊತ್ತು ಆರು ಗಂಟೆಯಾದಾಗ ನಿದ್ದೆಯ ಹಸಿವು ಹೆಚ್ಚಿ, ಆ ಚೂರುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಮೊದಲು ಏಳುವ ಹೊತ್ತನ್ನು ಗೊತ್ತುಮಾಡಿ. ಭಾನುವಾರವಾಗಲಿ, ಹಬ್ಬವಾಗಲಿ, ರಾತ್ರಿಯೆಲ್ಲ ನಿದ್ದೆಯಿಲ್ಲದಿರಲಿ, ಅದು ಬದಲಾಗಬಾರದು. ಅಕ್ಕ ಅಡುಗೆ ಮುಗಿಸಿ ಶಾಲೆಗೆ ಹೋಗಬೇಕಾದ್ದರಿಂದ 5:30 ಎಂದು ನಿಶ್ಚಯಿಸಿದೆವು. ಅಲ್ಲಿಂದ ಹಿಂದಕ್ಕೆ ಎಣಿಸಿ, ಐದೂಮುಕ್ಕಾಲನ್ನು ಆರು ಗಂಟೆಗೆ ಏರಿಸಿಕೊಂಡಾಗ ಮಲಗುವ ಹೊತ್ತು ರಾತ್ರಿ 11:30 ಎಂದಾಯಿತು. ನಿದ್ದೆಯ ಸರಾಸರಿ ಎಷ್ಟೇ ಕಡಿಮೆಯಿದ್ದರೂ ಹಾಸಿಗೆಯ ಹೊತ್ತನ್ನು ಐದೂವರೆ ಗಂಟೆಗಿಂತ ಕೆಳಗಿಳಿಸಬಾರದು. ಹಗಲು ನಿದ್ದೆಯಂತೂ ಕೂಡದು.

ಮೊದಲ ವಾರ ಕಷ್ಟದ್ದು. ರಾತ್ರಿ ಒಂಬತ್ತೂವರೆಗೇ ಕಣ್ಣು ಎಳೆಯುತ್ತದೆ, ಟಿವಿ ಮುಂದೆ ಕುಳಿತರೆ ತೂಕಡಿಕೆ ಬರುತ್ತದೆ. ಆ ಹತ್ತು ನಿಮಿಷದ ತೂಕಡಿಕೆಯೂ ರಾತ್ರಿಯ ನಿದ್ದೆಯ ಹಸಿವನ್ನು ತಗ್ಗಿಸುತ್ತದೆ. ಆದ್ದರಿಂದ ಒಂಬತ್ತರಿಂದ ಹನ್ನೊಂದೂವರೆವರೆಗೆ ಕೈಗೆ ಕೆಲಸವಿರಲಿ. ಅಕ್ಕ ಮರುದಿನದ ಸೊಪ್ಪು ಬಿಡಿಸುತ್ತಿದ್ದಳು, ಇಸ್ತ್ರಿ ಮಾಡುತ್ತಿದ್ದಳು. ಮೂರನೆಯ ದಿನ “ಇದರಿಂದ ಇದ್ದ ನಿದ್ದೆಯೂ ಹೋಯಿತು” ಎಂದು ಬಿಡುವ ಮನಸ್ಸಾಗುತ್ತದೆ, ಬಹುತೇಕರು ಬಿಡುವುದೂ ಅಲ್ಲಿಯೇ. ಕನಿಷ್ಠ ಎರಡು ವಾರ ನಡೆಸದೆ ಫಲವನ್ನು ಅಳೆಯಬೇಡಿ.

ವಾರಕ್ಕೊಮ್ಮೆ ಲೆಕ್ಕ ಹಾಕಿ. ಹಾಸಿಗೆಯ ಹೊತ್ತಿನಲ್ಲಿ ಶೇ 85 ಅಥವಾ ಅದಕ್ಕಿಂತ ಹೆಚ್ಚು ನಿದ್ದೆಯಾಗಿದ್ದರೆ ಮಾತ್ರ 15 ನಿಮಿಷ ಬೇಗ ಮಲಗಬಹುದು, ಇಲ್ಲವಾದರೆ ಹಿಂದಿನ ಹೊತ್ತೇ ಮುಂದುವರಿಯಲಿ. ಅಕ್ಕನಿಗೆ ಮೊದಲ ವಾರ ಆರು ಗಂಟೆಯಲ್ಲಿ ಐದು ಗಂಟೆ ನಿದ್ದೆಯಾಯಿತು. ಅದು ಶೇ 83 ಆದ್ದರಿಂದ ಬದಲಾವಣೆ ಮಾಡಲಿಲ್ಲ. ಎರಡನೆಯ ವಾರ ಐದು ಗಂಟೆ ಇಪ್ಪತ್ತು ನಿಮಿಷಕ್ಕೇರಿ ಶೇ 89 ಆಯಿತು, ಮಲಗುವ ಹೊತ್ತು 11:15ಕ್ಕೆ ಬಂತು. ಐದನೆಯ ವಾರಕ್ಕೆ ಅವಳು 10:45ಕ್ಕೆ ಮಲಗಿ ಆರು ಗಂಟೆ ಪೂರ್ತಿ ನಿದ್ದೆ ಮಾಡುತ್ತಿದ್ದಳು. ಝಳ ಆಗಲೂ ರಾತ್ರಿಗೆರಡು ಬಾರಿ ಬರುತ್ತಿತ್ತು, ಆದರೆ ಹತ್ತು ನಿಮಿಷದಲ್ಲಿ ಮತ್ತೆ ಕಣ್ಣು ಮುಚ್ಚುತ್ತಿತ್ತು. ಈ ಕ್ರಮ ಝಳವನ್ನು ನಿಲ್ಲಿಸುವುದಿಲ್ಲ, ಅದು ಕಸಿಯುವ ನಿದ್ದೆಯನ್ನು ಉಳಿಸುತ್ತದೆ.

ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರು ಈ ಹಂತವನ್ನು ವೈದ್ಯರನ್ನು ಕೇಳದೆ ಮಾಡಬಾರದು. ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗಿ ಜೋರಾಗಿ ಗೊರಕೆ ಹೊಡೆಯುವವರು ಮೊದಲು ಅದರ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮುಟ್ಟು ನಿಂತ ಮೇಲೆ ಈ ತೊಂದರೆ ಹೆಚ್ಚುತ್ತದೆ. ಮೊದಲ ವಾರಗಳಲ್ಲಿ ಹಗಲು ಮಂಪರು ಇರುವುದರಿಂದ ದೂರ ಗಾಡಿ ಓಡಿಸಬೇಡಿ.

ಝಳ ಬಂದ ಆ ಹೊತ್ತು

ಹೊದಿಕೆ ಸರಿಸಿ, ಕತ್ತು ಎದೆಯ ಬೆವರನ್ನು ಒರೆಸಿ, ನೈಟಿ ತೊಯ್ದಿದ್ದರೆ ಕತ್ತಲಲ್ಲೇ ಬದಲಿಸಿ, ಎರಡು ಗುಟುಕು ನೀರು ಕುಡಿದು ಮತ್ತೆ ಮಲಗಿ. ಟ್ಯೂಬ್‌ಲೈಟ್ ಹಾಕುವುದು, ತಣ್ಣೀರು ಸ್ನಾನ ಮಾಡುವುದು ಎರಡೂ ಎಚ್ಚರವನ್ನು ಗಟ್ಟಿಮಾಡುತ್ತವೆ. ಸುಮಾರು ಇಪ್ಪತ್ತು ನಿಮಿಷವಾಯಿತೆಂದು ಅನಿಸಿದರೂ ನಿದ್ದೆ ಬಾರದಿದ್ದರೆ ಹಾಸಿಗೆ ಬಿಟ್ಟೇಳಿ. ಹಜಾರದ ಕುರ್ಚಿಯಲ್ಲಿ ಮಂದ ದೀಪದಡಿ ಕುಳಿತು, ಓದಿದ್ದನ್ನೇ ಮತ್ತೆ ಓದಿ, ಜಪವಿದ್ದರೆ ಜಪ ಮಾಡಿ. ರೆಪ್ಪೆ ತಾನಾಗಿ ಮುಚ್ಚತೊಡಗಿದ ಮೇಲಷ್ಟೇ ಮರಳಿ ಹೋಗಿ. ಸುಸ್ತು ಬೇರೆ, ನಿದ್ದೆ ಬೇರೆ. ಸುಸ್ತಿಗೆ ಹಾಸಿಗೆಗೆ ಹೋದವರು ಛಾವಣಿ ನೋಡುತ್ತ ಮಲಗಿರುತ್ತಾರೆ.

ನಿದ್ದೆಗೆಂದು ಅಂಗಡಿಯಿಂದ ನೇರವಾಗಿ ತಂದು ನುಂಗುವ ಆಲ್ಪ್ರಜೋಲಾಮ್‌ನಂತಹ ಮಾತ್ರೆಗಳು ಬೇಗ ಚಟವಾಗುತ್ತವೆ, ಅವುಗಳ ಗೊಡವೆ ಬೇಡ. ಸೋಯಾ ಕ್ಯಾಪ್ಸೂಲು, ಬ್ಲ್ಯಾಕ್ ಕೊಹೊಶ್ ಎಂಬ ಮೂಲಿಕೆಯ ಮಾತ್ರೆಗಳಿಂದ ಝಳ ಇಳಿಯುತ್ತದೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಎರಡನೆಯದರಿಂದ ಅಪರೂಪಕ್ಕೆ ಯಕೃತ್ತಿಗೆ ಪೆಟ್ಟಾದದ್ದೂ ಉಂಟು.

ವೈದ್ಯರ ಬಳಿ

ಝಳವೇ ತಡೆಯಲಾರದಷ್ಟಿದ್ದರೆ ಸಹಿಸಿಕೊಂಡು ಕೂರುವ ಅಗತ್ಯವಿಲ್ಲ. ಅದು ಹಲವರಲ್ಲಿ ಏಳು ವರ್ಷಕ್ಕೂ ಹೆಚ್ಚು ಇರುತ್ತದೆ. ಹಾರ್ಮೋನ್ ಚಿಕಿತ್ಸೆ ಝಳವನ್ನು ಸುಮಾರು ಮುಕ್ಕಾಲು ಪಾಲು ಇಳಿಸುತ್ತದೆ. ಅರವತ್ತು ದಾಟದವರಿಗೆ, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗಿರುವವರಿಗೆ, ಬೇರೆ ಅಡ್ಡಿಯಿಲ್ಲದಿದ್ದರೆ ಅದರ ಲಾಭ ಸಾಮಾನ್ಯವಾಗಿ ಅಪಾಯಕ್ಕಿಂತ ಹೆಚ್ಚು. ಗರ್ಭಕೋಶವಿರುವವರಿಗೆ ಈಸ್ಟ್ರೋಜನ್ ಜೊತೆ ಪ್ರೊಜೆಸ್ಟರಾನ್ ಎಂಬ ಇನ್ನೊಂದು ಹಾರ್ಮೋನು ಬೇಕೇ ಬೇಕು. ಗರ್ಭಕೋಶ ತೆಗೆಸಿದವರಿಗೆ ಸಾಮಾನ್ಯವಾಗಿ ಈಸ್ಟ್ರೋಜನ್ ಒಂದೇ ಸಾಕು. ಆಪರೇಷನ್ ಆದವರು ಅಂಡಾಶಯವನ್ನೂ ತೆಗೆದಿದ್ದಾರೆಯೇ ಎಂದು ಹಳೆಯ ಕಾಗದದಲ್ಲಿ ನೋಡಿಕೊಂಡು ಹೋಗಿ, ಹಾಗೆ ತೆಗೆದವರಲ್ಲಿ ಝಳ ಹೆಚ್ಚು ತೀವ್ರವಾಗಿರುತ್ತದೆ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವ ತೊಂದರೆ, ಪಾರ್ಶ್ವವಾಯು ಅಥವಾ ಹೃದಯಾಘಾತ ಆಗಿದ್ದವರಿಗೆ ಹಾರ್ಮೋನ್ ಹೊಂದುವುದಿಲ್ಲ. ಅವರಿಗೆ ವೆನ್ಲಾಫಾಕ್ಸಿನ್, ಗ್ಯಾಬಪೆಂಟಿನ್‌ನಂತಹ ಬೇರೆ ಮಾತ್ರೆಗಳಿವೆ, ಗ್ಯಾಬಪೆಂಟಿನನ್ನು ರಾತ್ರಿ ಕೊಟ್ಟಾಗ ನಿದ್ದೆಗೂ ನೆರವಾಗುತ್ತದೆ.

ರಾತ್ರಿ ಬರುವ ಬೆವರೆಲ್ಲ ಮುಟ್ಟು ನಿಲ್ಲುವುದರಿಂದಲೇ ಬಂದದ್ದಾಗಿರುವುದಿಲ್ಲ. ಜ್ವರ, ಕೆಮ್ಮು, ತೂಕ ಇಳಿಯುವುದು ಜೊತೆಗಿದ್ದರೆ ಕ್ಷಯದ ಪರೀಕ್ಷೆ ಬೇಕು, ಹಗಲೂ ರಾತ್ರಿ ಎದೆಬಡಿತ, ಕೈನಡುಕ ಇದ್ದರೆ ಥೈರಾಯ್ಡ್ ನೋಡಿಸಬೇಕು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಬೆವರಿ ಎದ್ದಾಗ ಒಮ್ಮೆ ಸಕ್ಕರೆ ಪರೀಕ್ಷಿಸಿಕೊಳ್ಳಬೇಕು. ಮುಟ್ಟು ನಿಂತು ಹನ್ನೆರಡು ತಿಂಗಳಾದ ಮೇಲೆ ಒಂದು ಕಲೆಯಷ್ಟು ರಕ್ತ ಕಂಡರೂ ಅದೇ ವಾರ ಸ್ತ್ರೀರೋಗ ತಜ್ಞರನ್ನು ಕಾಣಿ. ಹೋಗುವಾಗ ಎರಡು ವಾರದ ಆ ನೋಟ್‌ಬುಕ್ಕನ್ನೂ ಒಯ್ಯಿರಿ, ರಾತ್ರಿಗೆ ಎಷ್ಟು ಝಳ, ಎಷ್ಟು ಹೊತ್ತು ಎಚ್ಚರ ಎಂಬುದನ್ನು ನೋಡಿದರೆ ಚಿಕಿತ್ಸೆ ಝಳಕ್ಕೆ ಬೇಕೋ ನಿದ್ದೆಗೆ ಬೇಕೋ ಎಂದು ವೈದ್ಯರು ಹೇಳಬಲ್ಲರು.