ಒಂದು ವರ್ಷ ಕಾಣೆಯಾಗಿದ್ದ ಅನುಭವ ಪತ್ರ

ನಾಲ್ಕು ವರ್ಷ ಪಾಠ ಮಾಡಿದ ಖಾಸಗಿ ಶಾಲೆಯನ್ನು 2019ರಲ್ಲಿ ಬಿಟ್ಟಾಗ ಅನುಭವ ಪತ್ರ ಕೇಳಿರಲಿಲ್ಲ. ಬೇಕಾದಾಗ ತೆಗೆದುಕೊಂಡರಾಯಿತು ಎಂಬ ಉದಾಸೀನ. ಬೇಕಾದದ್ದು ಮೂರು ವರ್ಷಗಳ ನಂತರ, ಹೊಸ ಶಾಲೆಯೊಂದರಲ್ಲಿ ಸಂದರ್ಶನ ಮುಗಿದ ಮೇಲೆ. ಪ್ರೌಢಶಾಲಾ ಗಣಿತಕ್ಕೆ ಕನಿಷ್ಠ ಮೂರು ವರ್ಷಗಳ ಅನುಭವವಿದ್ದರೆ ಒಂದು ಸಂಬಳ, ಇಲ್ಲದಿದ್ದರೆ ಇನ್ನೊಂದು ಎಂದರು. ಹಳೆಯ ಶಾಲೆಗೆ ಫೋನ್ ಮಾಡಿದೆ. ವಾರದೊಳಗೆ ಪತ್ರ ಸಿದ್ಧವಾಯಿತು. ಓದಿದರೆ 01-07-2016ರಿಂದ 30-04-2019ರವರೆಗೆ ‘ಗಣಿತ ಮತ್ತು ವಿಜ್ಞಾನ ಶಿಕ್ಷಕಿಯಾಗಿ’ ಕೆಲಸ ಮಾಡಿದ್ದಾರೆ ಎಂದಿತ್ತು. ನನ್ನ ಮೊದಲ ವರ್ಷವೇ ಮಾಯ. ಯಾವ ತರಗತಿ ಎಂಬುದಿಲ್ಲ. ನಡತೆಯ ಸಾಲು ಇರಲೇ ಇಲ್ಲ.

ಸಿಟ್ಟು ಬಂದದ್ದು ನಿಜ. ಆದರೆ ದಿನಾಂಕ ಎಲ್ಲಿಂದ ಬಂತು ಎಂದು ಯೋಚಿಸಿದಾಗ ಗುಮಾಸ್ತರ ತಪ್ಪು ಅರ್ಥವಾಯಿತು. ನನ್ನ ಪಿಎಫ್ ಖಾತೆ ತೆರೆದು ಸೇವಾ ವಿವರ ನೋಡಿದೆ. ಅಲ್ಲಿಯೂ ಸೇರಿದ ದಿನಾಂಕ 01-07-2016. ಶಾಲೆ ನನ್ನನ್ನು ಪಿಎಫ್‌ಗೆ ಸೇರಿಸಿದ್ದು ಕೆಲಸಕ್ಕೆ ಸೇರಿ ಒಂದು ವರ್ಷದ ಮೇಲೆ. ಗುಮಾಸ್ತರು ಕಂಪ್ಯೂಟರ್‌ನಲ್ಲಿ ಕಂಡ ಆ ದಿನವನ್ನೇ ಪತ್ರಕ್ಕೆ ಇಳಿಸಿದ್ದರು. ಖಾಸಗಿ ಶಾಲೆಗಳಲ್ಲಿ ದುಡಿದವರು ಪತ್ರ ಕೇಳುವ ಮೊದಲೇ ಈ ದಿನಾಂಕವನ್ನು ನೋಡಿಟ್ಟುಕೊಳ್ಳುವುದು ಒಳ್ಳೆಯದು. ನಿಜವಾದ ದಿನಾಂಕಕ್ಕೂ ಅದಕ್ಕೂ ವ್ಯತ್ಯಾಸವಿದ್ದರೆ ಪತ್ರದಲ್ಲಿ ತಪ್ಪಾಗುವ ಜಾಗ ಅದೇ.

ಹಾಗಾದರೆ ಸರಿಯಾದ ದಿನಾಂಕ ಯಾವುದು? ನನ್ನ ಬಳಿ ನೇಮಕಾತಿ ಆದೇಶದ ಜೆರಾಕ್ಸ್ ಇತ್ತು, ಅದರ ಮೇಲೆ 08-06-2015. ಅದನ್ನೇ ಹಿಡಿದು ವಾದಿಸಲು ಹೊರಟಿದ್ದೆ. ಹೋಗುವ ಮುನ್ನ ಹಳೆಯ ಪಾಠ ಯೋಜನೆ ಪುಸ್ತಕಗಳನ್ನು ಕಪಾಟಿನಿಂದ ಇಳಿಸಿದೆ. ಮೊದಲ ಪುಸ್ತಕದ ಮೊದಲ ಪಾಠ 15-06-2015, ಸೋಮವಾರ, ಆರನೇ ತರಗತಿ. ಅದರ ಕೆಳಗೆ ಆಗಿನ ಮುಖ್ಯ ಶಿಕ್ಷಕರ ಹಸಿರು ಶಾಯಿಯ ಸಹಿ. ಆಗ ನೆನಪಾಯಿತು, ಆದೇಶ ಕೈಗೆ ಬಂದ ಮೇಲೆ ಮನೆ ಹುಡುಕಲು ಒಂದು ವಾರ ಹಿಡಿದಿತ್ತು. ಸೇವೆ ಶುರುವಾಗುವುದು ಆದೇಶ ಹೊರಟ ದಿನದಿಂದಲ್ಲ, ಕರ್ತವ್ಯಕ್ಕೆ ಹಾಜರಾದ ದಿನದಿಂದ. ನಾನೂ ಒಂದು ವಾರ ಹೆಚ್ಚು ಕೇಳಲಿದ್ದೆ.

ಆ ಪುಸ್ತಕಗಳು ಇನ್ನೊಂದು ಕೆಲಸವನ್ನೂ ಮಾಡಿದವು. ‘ಗಣಿತ ಮತ್ತು ವಿಜ್ಞಾನ’ ಎಂಬ ಒಂದು ಸಾಲು ಪ್ರೌಢಶಾಲೆಗೆ ಏನನ್ನೂ ಹೇಳುವುದಿಲ್ಲ. ನಾನು ವರ್ಷವಾರು ಬರೆದುಕೊಂಡೆ: 2015-16ರಲ್ಲಿ ಆರು ಮತ್ತು ಏಳನೇ ತರಗತಿಗಳ ಗಣಿತ, ವಿಜ್ಞಾನ, 2016-17ರಲ್ಲಿ ಎಂಟು ಮತ್ತು ಒಂಬತ್ತನೇ ತರಗತಿಗಳ ಗಣಿತ, ಕೊನೆಯ ಎರಡು ವರ್ಷ ಒಂಬತ್ತು ಮತ್ತು ಹತ್ತನೇ ತರಗತಿಗಳ ಗಣಿತ, ಜೊತೆಗೆ ಎಂಟನೇ ತರಗತಿಯ ಭೌತಶಾಸ್ತ್ರ. ಬರೆದು ನೋಡಿದಾಗ ಒಂದು ಕಹಿ ಸತ್ಯವೂ ಕಂಡಿತು. ಒಟ್ಟು ಸೇವೆ 3 ವರ್ಷ 10 ತಿಂಗಳು 16 ದಿನವಾದರೂ ಪ್ರೌಢಶಾಲಾ ಗಣಿತದ ಅನುಭವ ಮೂರು ಶೈಕ್ಷಣಿಕ ವರ್ಷ ಮಾತ್ರ. ಮೊದಲ ವರ್ಷ ಸೇರಿದರೂ ಅದು ಪ್ರಾಥಮಿಕದ ಲೆಕ್ಕಕ್ಕೆ ಹೋಗುತ್ತದೆ. ಹೊಸ ಶಾಲೆಯವರು ಹೇಗೆ ಎಣಿಸುತ್ತಾರೋ ಎಣಿಸಲಿ, ಪತ್ರದಲ್ಲಿ ಇದ್ದದ್ದು ಇದ್ದಂತೆ ಇರಲಿ ಎಂದುಕೊಂಡೆ.

ಮುಖ್ಯ ಶಿಕ್ಷಕರ ಹೆಸರಿಗೆ ಒಂದು ಪುಟದ ಅರ್ಜಿ ಬರೆದೆ. ಸಂಕಟವನ್ನು ತೋಡಿಕೊಳ್ಳಲಿಲ್ಲ. ಮೊದಲ ಪತ್ರದ ಸಂಖ್ಯೆ, ಅದರಲ್ಲಿ ಏನಿದೆ, ಏನಿರಬೇಕು, ಯಾವ ದಾಖಲೆಯ ಆಧಾರದ ಮೇಲೆ ಎಂಬುದಷ್ಟೇ. ಜೊತೆಗೆ ನೇಮಕಾತಿ ಆದೇಶ, ಪಾಠ ಯೋಜನೆಯ ಆಯ್ದ ಪುಟಗಳು, ಬಿಡುಗಡೆ ಪತ್ರ, ಮತ್ತು ನಾನೇ ಬೆರಳಚ್ಚು ಮಾಡಿದ ಒಂದು ಕರಡು. ಕರಡು ಕೊಡುವುದು ಅಧಿಕಪ್ರಸಂಗವೆಂದು ಕೆಲವರು ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಗುಮಾಸ್ತರ ಮೇಲಿನ ದಯೆ. ಟಿಸಿ ಮತ್ತು ದಾಖಲಾತಿಯ ಮೇ, ಜೂನ್ ತಿಂಗಳ ಗದ್ದಲ ಮುಗಿಯಲಿ ಎಂದು ಕಾದು, ಆಗಸ್ಟ್‌ನ ಒಂದು ಮಧ್ಯಾಹ್ನ ಹೋದೆ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಶಾಲೆಯ ಮೊಹರು, ದಿನಾಂಕ ಹಾಕಿಸಿಕೊಂಡೆ.

ಗುಮಾಸ್ತರು ಒಳ್ಳೆಯವರು. ಹಳೆಯ ಹಾಜರಿ ಪುಸ್ತಕ ಹುಡುಕಿ ತಂದು ಧೂಳು ಒರೆಸಿದರು. 2015ರ ಜೂನ್ ಪುಟದಲ್ಲಿ ಹದಿನಾಲ್ಕನೇ ತಾರೀಖಿನವರೆಗೆ ನನ್ನ ಹೆಸರಿನ ಮುಂದೆ ಅಡ್ಡಗೆರೆ, ಹದಿನೈದರಿಂದ ನನ್ನ ಗಿಡ್ಡ ಸಹಿ. “ಸರಿ ಮೇಡಂ, ಇದಕ್ಕಿಂತ ಸಾಕ್ಷಿ ಬೇಕೆ” ಎಂದರು. ತಕರಾರು ಬಂದದ್ದು ಆಡಳಿತ ಮಂಡಳಿಯ ಕೋಣೆಯಿಂದ. 2015 ಎಂದು ಬರೆದರೆ ಆ ವರ್ಷ ಪಿಎಫ್ ಏಕೆ ಕಟ್ಟಲಿಲ್ಲ ಎಂಬ ಪ್ರಶ್ನೆ ಏಳುತ್ತದೆ ಎಂಬ ಭಯ ಅವರದು. ಅದಕ್ಕೆ ಅವರು ಸೂಚಿಸಿದ ದಾರಿ, ಮೊದಲ ವರ್ಷವನ್ನು ‘ಗೌರವ ಶಿಕ್ಷಕಿ’ ಎಂದು ತೋರಿಸುವುದು.

ಒಪ್ಪಿಬಿಡೋಣವೇ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಆದೇಶದಲ್ಲಿ ‘ಸಹಶಿಕ್ಷಕಿ’ ಎಂದಿತ್ತು, ತಿಂಗಳ ಸಂಬಳವೂ ನಮೂದಾಗಿತ್ತು. ಎರಡು ಕಾಗದಗಳು ಒಂದಕ್ಕೊಂದು ಹೊಂದದಿದ್ದರೆ ನಾಳೆ ಉತ್ತರ ಹೇಳಬೇಕಾದವಳು ನಾನು. “ನಾನು ಕೇಳುತ್ತಿರುವುದು ಕೆಲಸ ಮಾಡಿದ ದಿನಗಳ ಪತ್ರ. ಪಿಎಫ್ ವಿಚಾರವನ್ನು ಅದರಲ್ಲಿ ಬರೆಯಿರಿ ಎನ್ನುತ್ತಿಲ್ಲ. ಹುದ್ದೆಯ ಹೆಸರನ್ನು ಮಾತ್ರ ಬದಲಿಸಬೇಡಿ” ಎಂದೆ. ಆದೇಶಕ್ಕೆ ಸಹಿ ಮಾಡಿದ್ದವರು ಕಾರ್ಯದರ್ಶಿಗಳೇ ಆದ್ದರಿಂದ ಮಾತು ಅಲ್ಲಿಗೆ ನಿಂತಿತು.

ನಡತೆಯ ಸಾಲು ಬಿಟ್ಟುಹೋದದ್ದಕ್ಕೆ ಕಾರಣ ಬೇರೆಯೇ ಇತ್ತು. ಟ್ಯೂಷನ್ ವಿಷಯದಲ್ಲಿ ಕಾರ್ಯದರ್ಶಿಗಳಿಗೂ ನನಗೂ ಒಮ್ಮೆ ಜಟಾಪಟಿ ಆಗಿತ್ತು, ಅದರ ಸೇಡೆಂದೇ ನಾನು ಭಾವಿಸಿದ್ದೆ. ಹೊಸ ಮುಖ್ಯ ಶಿಕ್ಷಕರು ಸರಳವಾಗಿ ಹೇಳಿದರು: “ಮೇಡಂ, ನಿಮ್ಮನ್ನು ನಾನು ಇವತ್ತೇ ನೋಡುತ್ತಿರುವುದು. ನಿಮ್ಮ ನಡತೆ ಒಳ್ಳೆಯದಿತ್ತು ಎಂದು ಯಾವ ಬಾಯಿಂದ ಬರೆಯಲಿ?” ಅವರ ಮಾತು ನ್ಯಾಯವಾಗಿಯೇ ಇತ್ತು. ಹಿಂದಿನ ಮುಖ್ಯ ಶಿಕ್ಷಕರು ನಿವೃತ್ತರಾಗಿದ್ದರು, ಅವರ ಸಹಿ ಈಗ ನಡೆಯದು. 2019ರ ದಿನಾಂಕ ಹಾಕಿ ಅವರಿಂದಲೇ ಸಹಿ ಮಾಡಿಸೋಣ ಎಂದು ಯಾರೋ ಅಂದರು, ಬೇಡವೆಂದೆ. ನನ್ನ ಸೇವಾ ಕಡತ ತರಿಸಿ ತಿರುವಿದೆವು. ನೋಟಿಸ್, ಎಚ್ಚರಿಕೆ ಪತ್ರ, ದೂರು ಒಂದೂ ಇರಲಿಲ್ಲ. ಕೊನೆಗೆ ಅವರೇ ಹೀಗೆ ಬರೆದರು: ‘ಶಾಲೆಯ ದಾಖಲೆಗಳ ಪ್ರಕಾರ ಇವರ ಸೇವಾವಧಿಯಲ್ಲಿ ಇವರ ಮೇಲೆ ಯಾವುದೇ ಶಿಸ್ತುಕ್ರಮ ಜರುಗಿರುವುದಿಲ್ಲ. ಇವರ ನಡತೆ ಉತ್ತಮವಾಗಿತ್ತು. ಸ್ವಇಚ್ಛೆಯಿಂದ ರಾಜೀನಾಮೆ ನೀಡಿ ಬಿಡುಗಡೆ ಹೊಂದಿರುತ್ತಾರೆ.’ ನನ್ನ ಕರಡಿನಲ್ಲಿದ್ದ ‘ಕರ್ತವ್ಯನಿಷ್ಠ, ಮಕ್ಕಳ ಮೆಚ್ಚಿನ’ ಎಂಬ ವಿಶೇಷಣಗಳನ್ನು ಹೊಡೆದುಹಾಕಿದ್ದರು. ಸ್ವಲ್ಪ ನಾಚಿಕೆಯಾಯಿತು.

ಎರಡು ದಿನ ಬಿಟ್ಟು ಹೋದಾಗ ಪತ್ರ ಶಾಲೆಯ ಲೆಟರ್‌ಹೆಡ್‌ನಲ್ಲಿ, ಹೊಸ ಸಂಖ್ಯೆ, ಅಂದಿನದೇ ದಿನಾಂಕ, ದುಂಡು ಮೊಹರಿನೊಂದಿಗೆ ಕಾದಿತ್ತು. ಮೊದಲಿನ ಪತ್ರವನ್ನು ರದ್ದುಪಡಿಸಲಾಗಿದೆ ಎಂಬ ಸಾಲನ್ನು ಕೆಳಗೆ ಹಾಕಿಸಿದೆ. ಇಲ್ಲದಿದ್ದರೆ ಒಂದೇ ಶಾಲೆಯ ಎರಡು ಪತ್ರ ಎರಡು ಮಾತು ಆಡುತ್ತವೆ. ಹಳೆಯದನ್ನು ಅಲ್ಲೇ ಒಪ್ಪಿಸಿದೆ. ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯನ್ನೂ ಕೆಲವರು ಕೇಳುವುದುಂಟು, ನನ್ನಿಂದ ಕೇಳಲಿಲ್ಲ.

ಕೌಂಟರ್ ಬಿಡುವ ಮೊದಲು ನಿಂತಲ್ಲೇ ಅಕ್ಷರ ಅಕ್ಷರ ಓದಿದೆ. ಎಲ್ಲ ಸರಿ, ನನ್ನ ಇನಿಷಿಯಲ್ ಮಾತ್ರ ಹಿಂದುಮುಂದಾಗಿತ್ತು. ಗುಮಾಸ್ತರು ನಿಟ್ಟುಸಿರು ಬಿಟ್ಟು ಪ್ರಿಂಟರ್‌ಗೆ ಮತ್ತೊಂದು ಲೆಟರ್‌ಹೆಡ್ ಹಾಕಿದರು.